ಕೊನೆಯಿಂದ ಎಣಿಸಿದ ಒಂದು ಗಂಟೆ: ರಾಗಿ ಬಿಸ್ಕತ್ತು, ಮಗ್ ಕೇಕು, ಆರು ಮಕ್ಕಳು

ಬೆಣ್ಣೆ ಬಿಸ್ಕತ್ತು ಓವನ್ನಿನಿಂದ ಹೊರಬಂದಾಗ ಬಿಸ್ಕತ್ತಾಗಿರುವುದಿಲ್ಲ. ಬೆರಳಿಟ್ಟರೆ ಒಳಗೆ ಹೋಗುತ್ತದೆ, ಎತ್ತಿದರೆ ಮುರಿಯುತ್ತದೆ. ಅದರೊಳಗಿನ ಬೆಣ್ಣೆ ಇನ್ನೂ ದ್ರವ, ಉಳಿದ ತೇವ ಇನ್ನೂ ಹೊರಗೆ ಹೋಗುತ್ತಿದೆ. ಟ್ರೇ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಮಾತ್ರ ಅದು ಗಟ್ಟಿಯಾಗಿ, ಕಚ್ಚಿದರೆ ಪುಡಿಪುಡಿಯಾಗುವ ಹದಕ್ಕೆ ಬರುತ್ತದೆ. ಮಗ್ ಕೇಕಿನದು ಇದಕ್ಕೆ ಪೂರ್ತಿ ವಿರುದ್ಧ. ಮೈಕ್ರೋವೇವಿನಿಂದ ತೆಗೆದ ಎರಡು ನಿಮಿಷಕ್ಕೆ ಅದು ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ, ಕಾಲು ಗಂಟೆ ಕಳೆದರೆ ಅಂಚು ರಬ್ಬರಿನಂತಾಗುತ್ತದೆ. ಒಂದಕ್ಕೆ ಕಾಯಬೇಕು, ಇನ್ನೊಂದಕ್ಕೆ ಕಾಯಬಾರದು. ಒಂದು ಗಂಟೆಯ ತರಗತಿಯಲ್ಲಿ ಎರಡನ್ನೂ ಕಲಿಸಬೇಕಾದರೆ ಯೋಜನೆ ಹುಟ್ಟುವುದು ಈ ವ್ಯತ್ಯಾಸದಿಂದಲೇ. ಬಿಸ್ಕತ್ತು ಮೊದಲು ಒಳಗೆ ಹೋಗಬೇಕು, ಅದು ಬೇಯುವ ಹೊತ್ತಿನಲ್ಲಿ ಮಗ್ ಕೇಕು ಆಗಬೇಕು, ಅದು ಆರುವ ಹೊತ್ತಿನಲ್ಲಿ ಮಗ್ ಕೇಕು ತಿಂದು ಮುಗಿಯಬೇಕು.

ಹಾಗಾಗಿ ಗಂಟೆಯನ್ನು ಹಿಂದಿನಿಂದ ಎಣಿಸೋಣ. 49ನೇ ನಿಮಿಷಕ್ಕೆ ಬಿಸ್ಕತ್ತು ಮುರಿದು ನೋಡಬೇಕು ಎಂದರೆ 39ಕ್ಕೆ ಟ್ರೇ ಹೊರಗೆ ಬರಬೇಕು. ಬೇಯಲು 15 ನಿಮಿಷ ಬೇಕು, ಅಂದರೆ 24ಕ್ಕೆ ಟ್ರೇ ಒಳಗೆ. ಓಟಿಜಿ ಸರಿಯಾಗಿ ಕಾಯಲು 15ರಿಂದ 16 ನಿಮಿಷ, ಅಂದರೆ 8ನೇ ನಿಮಿಷಕ್ಕೆ ಗುಂಡಿ ತಿರುಗಿಸಬೇಕು. ಮಕ್ಕಳು ಬರುವ ಮೊದಲೇ ಓವನ್ ಹಚ್ಚಿಡುವ ಅಭ್ಯಾಸ ಹಲವರಿಗಿದೆ. ಕೋಲಾರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ, ರಜೆಯ ಮಕ್ಕಳು ತುಂಬಿದ ಪುಟ್ಟ ಅಡುಗೆಮನೆಯಲ್ಲಿ ಅದು ಅನಗತ್ಯ ಕಾವು. ಆ ಕಾವು ಮೊದಲು ಹೋಗುವುದು ಬೆಣ್ಣೆಗೆ. ಬೆಣ್ಣೆ ಕರಗಿದರೆ ತರಗತಿ ಅಲ್ಲೇ ಅರ್ಧ ಕೆಡುತ್ತದೆ.

ಮಕ್ಕಳ ಸಂಖ್ಯೆಯನ್ನೂ ಓವನ್ನೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಮನೆಗಳಲ್ಲಿರುವ 25-30 ಲೀಟರಿನ ಓಟಿಜಿಯ ಟ್ರೇ ಮೇಲೆ, ನಡುವೆ ಸ್ವಲ್ಪ ಜಾಗ ಬಿಟ್ಟು, ಹದಿನೆಂಟು ಬಿಸ್ಕತ್ತು ಆರಾಮಾಗಿ ಕೂರುತ್ತವೆ. ಎರಡು ಟ್ರೇ ಒಂದರ ಮೇಲೊಂದು ಇಟ್ಟರೆ ಕೆಳಗಿನದರ ತಳ ಸೀಯುತ್ತದೆ, ಮೇಲಿನದರ ತಳ ಹಸಿಯಾಗಿಯೇ ಉಳಿಯುತ್ತದೆ. ಎರಡನೇ ಸುತ್ತು ಬೇಯಿಸಲು ಗಂಟೆಯಲ್ಲಿ ಜಾಗವಿಲ್ಲ. ಹಾಗಾಗಿ ಆರು ಮಕ್ಕಳು, ಮೂರು ಜೋಡಿ, ಜೋಡಿಗೆ ಆರು ಬಿಸ್ಕತ್ತು. ಮಗ್ ಕೇಕು ಮಾತ್ರ ತಲೆಗೊಂದು. ಹತ್ತು-ಹನ್ನೆರಡು ಮಕ್ಕಳನ್ನು ಸೇರಿಸಿಕೊಂಡರೆ ಅರ್ಧ ಜನ ಕೈಕಟ್ಟಿ ನಿಂತು ನೋಡುತ್ತಾರೆ. ಹದಿಮೂರು-ಹದಿನಾಲ್ಕರ ವಯಸ್ಸಿನವರು ನೋಡಿ ಕಲಿಯುವುದು ಕಡಿಮೆ, ಬೆಣ್ಣೆ ಬೆರಳಿಗೆ ಅಂಟಿದ ಮೇಲೆ ಕಲಿಯುವುದು ಹೆಚ್ಚು.

ಒಂದು ಜೋಡಿಯ ಬೋಗುಣಿಗೆ ಬೇಕಾದದ್ದು ಇಷ್ಟು: 30 ಗ್ರಾಂ ಮೈದಾ, 15 ಗ್ರಾಂ ರಾಗಿ ಹುರಿಹಿಟ್ಟು, 30 ಗ್ರಾಂ ಬೆಣ್ಣೆ, 15 ಗ್ರಾಂ ಪುಡಿ ಸಕ್ಕರೆ. ಒಟ್ಟು 90 ಗ್ರಾಂ ಹಿಟ್ಟು, 15 ಗ್ರಾಮಿನ ಆರು ಉಂಡೆ. ಮೂರು ಜೋಡಿಗೂ ಸೇರಿ 90 ಗ್ರಾಂ ಬೆಣ್ಣೆ, ಅಂದರೆ 100 ಗ್ರಾಮಿನ ಒಂದು ಪ್ಯಾಕು ಸಾಕು. ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು ಪಾಲು, ಹಿಟ್ಟು ಮೂರು ಪಾಲು, ಎಲ್ಲವೂ ತೂಕದಲ್ಲಿ. ಈ ಒಂದು-ಎರಡು-ಮೂರನ್ನು ಮಕ್ಕಳು ಮನೆಗೆ ಒಯ್ದರೆ ಚೀಟಿ ಬೇಕಾಗುವುದಿಲ್ಲ. ಮೊಟ್ಟೆ ಇಲ್ಲ, ಬೇಕಿಂಗ್ ಪೌಡರ್ ಇಲ್ಲ, ಹಾಲು ಕೂಡ ಸಾಮಾನ್ಯವಾಗಿ ಇಲ್ಲ. ಹಳದಿ ಬಣ್ಣದ ಉಪ್ಪುಬೆಣ್ಣೆ ಆದರೆ ಉಪ್ಪು ಹಾಕುವುದು ಬೇಡ, ಬಿಳಿ ಬೆಣ್ಣೆ ಆದರೆ ಒಂದು ಚಿಟಿಕೆ.

ಹುರಿಹಿಟ್ಟನ್ನು ಆರಿಸಲು ಕಾರಣವಿದೆ. ಹಸಿ ರಾಗಿ ಹಿಟ್ಟು ಹಾಕಿದರೆ 15 ನಿಮಿಷದಲ್ಲಿ ಅದರ ಹಸಿ ವಾಸನೆ ಪೂರ್ತಿ ಹೋಗುವುದಿಲ್ಲ, ಮೊದಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದುಕೊಳ್ಳಬೇಕು. ನಮ್ಮ ಕಡೆಯ ಹುರಿಹಿಟ್ಟು ರಾಗಿ ಅರಳಿಸಿ ಬೀಸಿದ್ದು, ಆ ಕೆಲಸ ಆಗಲೇ ಮುಗಿದಿರುತ್ತದೆ. ಆದರೆ ಅರಳಿದ ಕಾಳಿನ ಹಿಟ್ಟು ತೇವವನ್ನು ಬೇಗ ಹೀರುತ್ತದೆ. ಹಾಗಾಗಿ ಕೆಲವು ಬೋಗುಣಿಗಳಲ್ಲಿ ಹಿಟ್ಟು ಒರಟಾಗಿ ಬಿರಿಯುತ್ತದೆ. ಅಂಗೈಯಲ್ಲಿ ಹಿಡಿದು ಅದುಮಿದಾಗ ಮುದ್ದೆಯಾಗಿ ನಿಂತರೆ ಸರಿ, ಉದುರಿದರೆ ಅರ್ಧ ಟೀ ಚಮಚ ಹಾಲು. ಅರ್ಧ ಎಂದರೆ ಅರ್ಧವೇ. ಒಂದು ಪೂರ್ತಿ ಚಮಚ ಹಾಕಿ ಆಮೇಲೆ ಹಿಟ್ಟು ಸೇರಿಸುತ್ತಾ ಹೋದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಈಗ ಬೆಣ್ಣೆಯ ಹದ. ಇಡೀ ತರಗತಿಯಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಬೆರಳಿನಿಂದ ಒತ್ತಿದರೆ ಸುಲಭವಾಗಿ ಗುಳಿ ಬೀಳಬೇಕು, ಆದರೆ ಬೆರಳು ಎಣ್ಣೆಯಾಗಿ ಹೊಳೆಯಬಾರದು. ಡಿಸೆಂಬರಿನ ಚಿಕ್ಕಬಳ್ಳಾಪುರದ ಬೆಳಿಗ್ಗೆ ಈ ಹದಕ್ಕೆ ಬರಲು ಫ್ರಿಜ್ಜಿನಿಂದ ತೆಗೆದು ಮುಕ್ಕಾಲು ಗಂಟೆ ಬೇಕಾಗಬಹುದು. ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷವೂ ಬೇಡ. ಬೇಸಿಗೆಯಲ್ಲಿ ಬೆಣ್ಣೆಯನ್ನು 30 ಗ್ರಾಮಿನ ತುಂಡು ಮಾಡಿ, ತಟ್ಟೆಯಲ್ಲಿ ಫ್ರಿಜ್ಜಿನಲ್ಲೇ ಇಟ್ಟು, ಮಕ್ಕಳು ಕೈ ತೊಳೆಯಲು ಹೋದಾಗ ಹೊರಗೆ ತೆಗೆಯುವುದು ಒಳ್ಳೆಯದು. ಕರಗಿದ ಬೆಣ್ಣೆಯಲ್ಲಿ ಕಲಸಿದ ಉಂಡೆ ನೋಡಲು ಚೆನ್ನಾಗಿಯೇ ಇರುತ್ತದೆ, ಓವನ್ನಿಗೆ ಹೋದ ನಾಲ್ಕೈದು ನಿಮಿಷದಲ್ಲಿ ದೋಸೆಯಂತೆ ಹರಡುತ್ತದೆ. ಹಿಟ್ಟು ಗಟ್ಟಿಯಾಗಿ ಆಕಾರ ಹಿಡಿಯುವ ಮೊದಲೇ ಕೊಬ್ಬು ಹರಿದುಹೋಗುವುದೇ ಕಾರಣ. ಕಲಸುವಾಗಲೇ ಹಿಟ್ಟು ಹೊಳೆಯುತ್ತಿದ್ದರೆ ಬೋಗುಣಿ ಸಮೇತ ಫ್ರೀಜರಿನಲ್ಲಿ ಐದು ನಿಮಿಷ ಇಡಿ. ಆ ಐದು ನಿಮಿಷವನ್ನು ಯೋಜನೆ ತಡೆದುಕೊಳ್ಳುತ್ತದೆ, ಹೇಗೂ ಓವನ್ ಕಾಯುತ್ತಿರುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆ ತರಬಹುದೇ ಎಂದು ಕೇಳುವವರಿದ್ದಾರೆ. ರುಚಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರೊಳಗೆ ಎಷ್ಟು ಮಜ್ಜಿಗೆ ಉಳಿದಿದೆ ಎಂದು ಹೇಳಲಾಗದು, ಒಂದೊಂದು ಮನೆಯದು ಒಂದೊಂದು ಥರ. ಪ್ಯಾಕಿನ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಪಾಲು ಇರುತ್ತದೆ. ಮೊದಲ ತರಗತಿಗೆ ಎಲ್ಲ ಬೋಗುಣಿಯೂ ಒಂದೇ ಥರ ವರ್ತಿಸಿದರೆ ಮಾತ್ರ ತಪ್ಪು ಎಲ್ಲಾಯಿತು ಎಂದು ತೋರಿಸಬಹುದು. ತುಪ್ಪ ಬಳಸುವುದಾದರೆ 30ರ ಬದಲು 24 ಗ್ರಾಂ ಸಾಕು, ಏಕೆಂದರೆ ಅದು ಬಹುತೇಕ ಪೂರ್ತಿ ಕೊಬ್ಬು. ಆಗ ಸಿಗುವುದು ನಾನ್‌ಖಟಾಯಿಗೆ ಹತ್ತಿರದ, ಇನ್ನೂ ಬೇಗ ಪುಡಿಯಾಗುವ ಬಿಸ್ಕತ್ತು.

ಗಂಟೆ ಶುರುವಾಗಲಿ. ಮೊದಲ ನಾಲ್ಕು ನಿಮಿಷ ಕೈ ತೊಳೆಯುವುದು, ಕೂದಲು ಕಟ್ಟುವುದು, ಹಾಲು, ಗೋಧಿ, ಕಡಲೆಕಾಯಿ ಯಾರಿಗಾದರೂ ಆಗದೇ ಎಂದು ಕೇಳುವುದು. ಇದನ್ನು ಮನೆಯವರನ್ನು ಹಿಂದಿನ ದಿನವೇ ಕೇಳಿರಬೇಕು. ಮಕ್ಕಳನ್ನು ಇನ್ನೊಮ್ಮೆ ಕೇಳಿದರೆ ನಷ್ಟವಿಲ್ಲ. 4ನೇ ನಿಮಿಷದಿಂದ ತೂಕ. ತಕ್ಕಡಿ ಒಂದೇ ಇದ್ದರೆ ಮೂರು ಜೋಡಿಗೆ ಜಗಳವಾಗುತ್ತದೆ, ಹಾಗಾಗಿ ಒಂದು ಜೋಡಿ ಹಿಟ್ಟು ತೂಗುವಾಗ ಇನ್ನೊಂದು ಸಕ್ಕರೆ ಜರಡಿ ಹಿಡಿಯಲಿ, ಮತ್ತೊಂದು ಟ್ರೇ ಅಳತೆಗೆ ಬಟರ್ ಪೇಪರ್ ಕತ್ತರಿಸಲಿ. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಲೇಬೇಕು. ಈ ಹಿಟ್ಟಿನಲ್ಲಿ ನೀರು ತೀರಾ ಕಡಿಮೆ, ಕಾಳು ಸಕ್ಕರೆ ಕರಗಲು ಏನೂ ಇಲ್ಲ. ಕರಗದ ಕಾಳು ಹಲ್ಲಿಗೆ ಮರಳಿನಂತೆ ಸಿಗುತ್ತದೆ. 8ನೇ ನಿಮಿಷಕ್ಕೆ ಓಟಿಜಿ ಗುಂಡಿಯನ್ನು 160ಕ್ಕಿಂತ ಒಂದು ಕೂದಲೆಳೆ ಮುಂದೆ, ಸುಮಾರು 165 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ರಾಡು ಹತ್ತುವಂತೆ ಇಡಿ. ಕೆಂಪು ದೀಪ ಐದಾರು ನಿಮಿಷದಲ್ಲೇ ಆರಿಹೋಗಬಹುದು. ಅದು ಗಾಳಿ ಕಾದ ಸೂಚನೆ, ಗೋಡೆ ಕಾದದ್ದಲ್ಲ. ಗೋಡೆ ಕಾಯದೆ ಬಾಗಿಲು ತೆಗೆದರೆ ಕಾವೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ.

ಬೆಣ್ಣೆ ಮತ್ತು ಸಕ್ಕರೆಯನ್ನು ಮರದ ಚಮಚದಲ್ಲಿ ಎರಡು ನಿಮಿಷ ಉಜ್ಜಿದರೆ ಸಾಕು, ಬಣ್ಣ ಸ್ವಲ್ಪ ತಿಳಿಯಾಗಿ ಎರಡೂ ಒಂದಾಗಬೇಕು ಅಷ್ಟೆ. ಕೇಕಿಗೆ ಮಾಡುವಂತೆ ನೊರೆಗಟ್ಟುವ ತನಕ ಬಡಿದರೆ ಬಿಸ್ಕತ್ತು ಹರಡುತ್ತದೆ. ಹಿಟ್ಟು ಸೇರಿಸಿದ ಮೇಲೆ ಚಮಚ ಬಿಟ್ಟು ಬೆರಳ ತುದಿಯಲ್ಲಿ ಕೂಡಿಸಬೇಕು. ಇಲ್ಲಿ ಒಂದು ಮಾತು ಮಕ್ಕಳಿಗೆ ಬಿಡಿಸಿ ಹೇಳಿ. ಚಪಾತಿ ಹಿಟ್ಟನ್ನು ನಾದುತ್ತೇವೆ, ಏಕೆಂದರೆ ನೀರು ಕುಡಿದ ಗೋಧಿಯ ಅಂಟು ಬಿಗಿಯಾಗಿ ಎಳೆಯಾಗಬೇಕು. ಬಿಸ್ಕತ್ತಿನಲ್ಲಿ ಆ ಅಂಟು ಬೇಡ. ಬೆಣ್ಣೆ ಹಿಟ್ಟಿನ ಕಣಗಳನ್ನು ಸುತ್ತುವರಿದು ನೀರು ತಗುಲದಂತೆ ನೋಡಿಕೊಳ್ಳುತ್ತದೆ, ರಾಗಿಯಲ್ಲಂತೂ ಆ ಅಂಟೇ ಇಲ್ಲ. ಹಾಗಾಗಿ ನಾದಬೇಡಿ, ಕೂಡಿಸಿ. ಮನೆಯಲ್ಲಿ ಚಪಾತಿ ಕಲಸಿ ಅಭ್ಯಾಸವಿರುವ ಮಕ್ಕಳ ಕೈಯೇ ಇಲ್ಲಿ ಹೆಚ್ಚು ತಪ್ಪುತ್ತದೆ. ಬೋಗುಣಿಗೆ ಅಂಟಿದ ಹಸಿ ಹಿಟ್ಟನ್ನು ನೆಕ್ಕಲು ಬಿಡಬೇಡಿ, ಮೈದಾ ಬೇಯದ ಹಿಟ್ಟು, ಅದರಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಾಣು ಇರಬಹುದು.

18ರಿಂದ 24ರ ತನಕ ಉಂಡೆ. ಮೊದಲನೆಯದನ್ನು ತೂಗಿ 15 ಗ್ರಾಂ ಎಂದರೆ ಎಷ್ಟು ಎಂದು ಕೈಗೆ ಗೊತ್ತಾಗಲಿ, ಉಳಿದದ್ದು ಕಣ್ಣಳತೆ. ಸುಮಾರು ಒಂದು ನೆಲ್ಲಿಕಾಯಿ ಗಾತ್ರ. ಟ್ರೇ ಮೇಲಿಟ್ಟು ಫೋರ್ಕಿನಿಂದ ಒತ್ತಿ, ದಪ್ಪ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಇರಲಿ. ಗಾತ್ರ ಒಂದೇ ಇರುವುದಕ್ಕಿಂತ ದಪ್ಪ ಒಂದೇ ಇರುವುದು ಮುಖ್ಯ. ತೆಳುವಾದದ್ದು ಸೀದು ಹೋಗುವಾಗ ದಪ್ಪನೆಯದರ ನಡುವೆ ಇನ್ನೂ ಹಸಿಯಾಗಿರುತ್ತದೆ. ಜೋಡಿಗೊಂದು ಸಾಲು ಕೊಟ್ಟು, ಯಾವ ಸಾಲು ಯಾರದು ಎಂದು ಬಟರ್ ಪೇಪರಿನ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಹೋಲಿಸಿ ನೋಡಲು ಇದು ಬೇಕು. ಟ್ರೇ ನಡುವಿನ ಅಟ್ಟದ ಮೇಲೆ ಹೋಗಲಿ, ಇಡುವವರು ದೊಡ್ಡವರಾಗಿರಲಿ.

ಟ್ರೇ ಒಳಗೆ ಹೋದ ಮರುಕ್ಷಣ ಮೇಜು ಒರೆಸಿ ಮಗ್ಗುಗಳು ಬರಬೇಕು. 300 ಮಿಲಿಗಿಂತ ದೊಡ್ಡ, ನೇರ ಗೋಡೆಯ ಪಿಂಗಾಣಿ ಮಗ್ಗು. ಚಿನ್ನದ ಗೆರೆ ಇರುವುದು, ಸ್ಟೀಲ್ ಲೋಟ ಎರಡೂ ಮೈಕ್ರೋವೇವಿಗೆ ಬೇಡ, ಕಿಡಿ ಹಾರುತ್ತದೆ. ಪ್ರತಿ ಮಗ್ಗಿಗೆ ಒಣ ಸಾಮಾನು: ಮೈದಾ ಸಮತಟ್ಟಾದ 4 ಟೇಬಲ್ ಚಮಚ, ಸಕ್ಕರೆ 2, ಕೋಕೋ ಪುಡಿ 1, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಒಂದು ಚಿಟಿಕೆ ಉಪ್ಪು. ಹಸಿ ಸಾಮಾನು: ಹಾಲು 4 ಟೇಬಲ್ ಚಮಚ, ವಾಸನೆಯಿಲ್ಲದ ಎಣ್ಣೆ 1. ಸಕ್ಕರೆ ಇಲ್ಲಿ ಕಾಳಾದರೂ ನಡೆಯುತ್ತದೆ, ಕರಗಲು ಹಾಲಿದೆ.

ಆರು ಮಗ್ಗಿಗೂ ಒಣ ಸಾಮಾನು ಹಾಕಿ ಕಲಸಿಡಬಹುದು, ಆದರೆ ಹಾಲು ಹಾಕಬಾರದು. ಈ ತರಗತಿಯಲ್ಲಿ ತಪ್ಪಿದರೆ ಸರಿಪಡಿಸಲಾಗದ ಜಾಗ ಇದು. ಹಾಲು ತಗುಲಿದ ಕೂಡಲೇ ಬೇಕಿಂಗ್ ಪೌಡರ್ ಗಾಳಿಗುಳ್ಳೆ ಬಿಡಲು ಶುರುಮಾಡುತ್ತದೆ. ಮೈಕ್ರೋವೇವ್ ಒಂದೇ, ಮಗ್ಗು ಆರು. ಎಲ್ಲರೂ ಒಟ್ಟಿಗೆ ಹಾಲು ಹಾಕಿದರೆ ಆರನೆಯವರ ಸರದಿ ಬರುವಾಗ ಏಳೆಂಟು ನಿಮಿಷ ಕಳೆದಿರುತ್ತದೆ, ಗುಳ್ಳೆಯ ಒಂದು ಪಾಲು ಗಾಳಿಗೆ ಹೋಗಿರುತ್ತದೆ, ಅವರ ಕೇಕು ಒತ್ತಾಗಿ ಬರುತ್ತದೆ. ಆ ಮಗು ತನ್ನ ಕೈಗುಣವೇ ಸರಿಯಿಲ್ಲ ಎಂದುಕೊಳ್ಳುತ್ತದೆ, ತಪ್ಪು ಸರದಿಯದು. ಒಬ್ಬರ ಮಗ್ಗು ಒಳಗೆ ತಿರುಗುತ್ತಿರುವಾಗ ಮುಂದಿನವರು ಹಾಲು, ಎಣ್ಣೆ ಹಾಕಿ ಕಲಸಲಿ. ಇಪ್ಪತ್ತು-ಇಪ್ಪತ್ತೈದು ಸುತ್ತು ಸಾಕು, ಮಗ್ಗಿನ ಮೂಲೆಯಲ್ಲಿ ಒಣ ಹಿಟ್ಟು ಉಳಿಯಬಾರದು. ಹದ ದೋಸೆ ಹಿಟ್ಟಿನಷ್ಟು. ಇಲ್ಲಿ ಹಾಲು ಧಾರಾಳವಾಗಿರುವುದರಿಂದ ಜಾಸ್ತಿ ತಿರುವಿದರೆ ಬಿಸ್ಕತ್ತಿನಲ್ಲಿ ತಪ್ಪಿಸಿಕೊಂಡ ಅಂಟು ಇಲ್ಲಿ ಸಿಗುತ್ತದೆ. ಹಿಟ್ಟು ಮಗ್ಗಿನ ಅರ್ಧಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಉಕ್ಕಿ ತಟ್ಟೆಯ ಮೇಲೆ ಬರುತ್ತದೆ.

800 ವ್ಯಾಟಿನ ಮೈಕ್ರೋವೇವಿನಲ್ಲಿ 70 ಸೆಕೆಂಡು. ತೆಗೆದಾಗ ಮೇಲ್ಭಾಗದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಒದ್ದೆಯಾಗಿ ಹೊಳೆಯುತ್ತಿದ್ದರೆ ಸರಿಯಾಗಿದೆ, ಮಗ್ಗಿನ ಕಾವಿನಲ್ಲೇ ಎರಡು ನಿಮಿಷದಲ್ಲಿ ಅದು ಬೇಯುತ್ತದೆ. ಅದಕ್ಕಿಂತ ಅಗಲವಾಗಿ ಒದ್ದೆಯಿದ್ದರೆ ಇನ್ನೂ 10 ಸೆಕೆಂಡು. ಮೇಲ್ಭಾಗ ಪೂರ್ತಿ ಒಣಗಿ ಅಂಚು ಮಗ್ಗಿನಿಂದ ದೂರ ಸರಿದಿದ್ದರೆ ಆಗಲೇ ಹೆಚ್ಚಾಗಿದೆ. ಎರಡು ಮಗ್ಗು ಒಟ್ಟಿಗೆ ಇಟ್ಟು ಸಮಯ ಉಳಿಸುವ ಯೋಚನೆ ಬೇಡ, ಅದೇ ಶಕ್ತಿ ಎರಡಕ್ಕೂ ಹಂಚಿಹೋಗುತ್ತದೆ, ಎರಡೂ ಒಂದೇ ಸಮ ಬೇಯುವುದಿಲ್ಲ. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ 29ಕ್ಕೆ ಶುರುವಾದದ್ದು 38ಕ್ಕೆ ಮುಗಿಯುತ್ತದೆ.

ಕೇಕು ಬುಸ್ಸೆಂದು ಏರಿ ನಡುವೆ ಕುಸಿದರೆ ಸಾಮಾನ್ಯವಾಗಿ ಬೇಕಿಂಗ್ ಪೌಡರ್ ಹೆಚ್ಚಾಗಿರುತ್ತದೆ. ಕೋಲಾರ, ತುಮಕೂರು ಎರಡೂ ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಗುಳ್ಳೆಗಳೂ ಸ್ವಲ್ಪ ಹೆಚ್ಚು ಉಬ್ಬುತ್ತವೆ. ಕಾಲು ಚಮಚವನ್ನು ಚಾಕುವಿನಿಂದ ಸವರಿ ಸಮ ಮಾಡಿದರೆ ಸಾಕು, ಗುಡ್ಡ ಬೇಡ. ಅಡುಗೆ ಸೋಡಾವನ್ನು ಅದರ ಬದಲು ಹಾಕಿದರೆ ಸಾಬೂನಿನ ಕಹಿ ಬರುತ್ತದೆ. ಸೋಡಾಕ್ಕೆ ಮೊಸರಿನಂಥ ಹುಳಿ ಜೊತೆಗಿರಬೇಕು, ಇಲ್ಲಿ ಅದಿಲ್ಲ. ಎರಡರ ಡಬ್ಬಿಯೂ ಒಂದೇ ಥರ ಕಾಣುವುದರಿಂದ ಸೋಡಾವನ್ನು ಮೇಜಿನ ಹತ್ತಿರ ತರದಿರುವುದೇ ಒಳ್ಳೆಯದು. ಪೌಡರ್ ಹಳೆಯದೇ ಎಂಬ ಅನುಮಾನವಿದ್ದರೆ ಹಿಂದಿನ ದಿನ ಬಿಸಿ ನೀರಿಗೆ ಅರ್ಧ ಚಮಚ ಹಾಕಿ ನೋಡಿ, ಕೂಡಲೇ ನೊರೆ ಎದ್ದರೆ ಜೀವ ಇದೆ.

ಈ ನಡುವೆ 34ನೇ ನಿಮಿಷಕ್ಕೆ ಒಮ್ಮೆ ಓವನ್ ಬಾಗಿಲು ತೆಗೆದು ಟ್ರೇಯನ್ನು ಹಿಂದುಮುಂದು ತಿರುಗಿಸಿ, ಓಟಿಜಿಯ ಹಿಂಭಾಗ ಹೆಚ್ಚು ಕಾಯುತ್ತದೆ. ಕೈಗೆ ಒಣ ದಪ್ಪ ಬಟ್ಟೆಯೇ ಇರಲಿ. ಒದ್ದೆ ಬಟ್ಟೆಯೊಳಗಿನ ನೀರು ಆವಿಯಾಗಿ ಕೈ ಸುಡುತ್ತದೆ. ಸುಟ್ಟರೆ ನಲ್ಲಿಯ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯುವುದು, ಟೂತ್‌ಪೇಸ್ಟ್ ಹಚ್ಚುವುದಲ್ಲ.

ಬಿಸ್ಕತ್ತು ಬೆಂದಿದೆಯೇ ಎಂದು ತಿಳಿಯುವುದು ರಾಗಿಯಿಂದಾಗಿ ಕಷ್ಟ. ಬರೀ ಮೈದಾದ್ದಾದರೆ ಅಂಚು ಹೊಂಬಣ್ಣಕ್ಕೆ ತಿರುಗಿದ್ದು ಕಾಣುತ್ತದೆ, ಇದು ಹಾಕುವಾಗಲೇ ಕಂದು. ಬಣ್ಣ ನೋಡಿ ಕಾದರೆ ಸೀದ ವಾಸನೆ ಬಂದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಬೇರೆ ಮೂರು ಗುರುತು ಕಲಿಸಿ. ಮೇಲ್ಭಾಗದ ಹೊಳಪು ಹೋಗಿ ಮಂಕಾಗಿರಬೇಕು. ಅಂಚನ್ನು ಚಾಕುವಿನ ತುದಿಯಿಂದ ತಳ್ಳಿದರೆ ಬಿಸ್ಕತ್ತು ಕಾಗದದ ಮೇಲೆ ಇಡಿಯಾಗಿ ಸರಿಯಬೇಕು. ಘಮ ಬೆಣ್ಣೆಯದರಿಂದ ಹುರಿದ ಧಾನ್ಯದ ಕಡೆಗೆ ತಿರುಗಿರಬೇಕು. ಮಕ್ಕಳು ಬೆರಳಲ್ಲಿ ಒತ್ತಿ ನೋಡಿ “ಆಂಟಿ, ಇನ್ನೂ ಮೆತ್ತಗಿದೆ, ಇನ್ನೈದು ನಿಮಿಷ ಇಡೋಣ” ಎಂದೇ ಎನ್ನುತ್ತಾರೆ. ಇಡಬೇಡಿ. ಬಿಸಿಯಲ್ಲಿ ಗಟ್ಟಿಯಾದ ಬಿಸ್ಕತ್ತು ಆರಿದ ಮೇಲೆ ಕಲ್ಲು. ಅವರಿಗೆ ನಂಬಿಕೆ ಬರಲು ಒಂದನ್ನು ಮಾತ್ರ ಇನ್ನೈದು ನಿಮಿಷ ಒಳಗೆ ಬಿಟ್ಟು, ಕೊನೆಗೆ ಎರಡನ್ನೂ ಪಕ್ಕಪಕ್ಕ ಮುರಿಸಿ.

ಕರೆಂಟಿನ ಲೆಕ್ಕ ಒಂದು ಉಳಿದಿದೆ. ಓಟಿಜಿ ಸುಮಾರು 1500 ವ್ಯಾಟ್, 800 ವ್ಯಾಟಿನ ಮೈಕ್ರೋವೇವ್ ಗೋಡೆಯಿಂದ ಎಳೆಯುವುದು ಸುಮಾರು 1200. ಹತ್ತು ನಿಮಿಷ ಎರಡೂ ಒಟ್ಟಿಗೆ ಓಡುತ್ತವೆ, ಸೇರಿ ಹತ್ತಿರ ಹತ್ತಿರ 12 ಆಂಪಿಯರ್. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡನ್ನೂ ಸಿಕ್ಕಿಸಿದರೆ ವೈರು ಕಾಯುತ್ತದೆ. ಓಟಿಜಿ 16 ಆಂಪಿಯರ್ ಪವರ್ ಪ್ಲಗ್ಗಿನಲ್ಲಿ, ಮೈಕ್ರೋವೇವ್ ಬೇರೆ ಗೋಡೆಯ ಪ್ಲಗ್ಗಿನಲ್ಲಿರಲಿ. ಕರೆಂಟು ಹೋದರೂ ಪೂರ್ತಿ ಕೈಬಿಡಬೇಕಿಲ್ಲ. ಬಿಸ್ಕತ್ತು ಹತ್ತು ನಿಮಿಷ ಬೆಂದ ಮೇಲೆ ಹೋದರೆ ಬಾಗಿಲು ತೆಗೆಯದೆ ಇನ್ನೊಂದು ಏಳೆಂಟು ನಿಮಿಷ ಬಿಡಿ, ಉಳಿದ ಕಾವು ಮುಗಿಸುತ್ತದೆ. ಮಗ್ ಕೇಕಿನ ಹಿಟ್ಟನ್ನು ಎಣ್ಣೆ ಸವರಿದ ಸ್ಟೀಲ್ ಲೋಟಕ್ಕೆ ಸುರಿದು, ಮೇಲೊಂದು ತಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿ ಬೇಯಿಸಿದರೆ ಮೈಕ್ರೋವೇವಿನದಕ್ಕಿಂತ ಮೆತ್ತಗೇ ಬರುತ್ತದೆ. ನೀರು ಮೊದಲೇ ಕುದಿಯುತ್ತಿರಬೇಕು.

49ನೇ ನಿಮಿಷಕ್ಕೆ ಮಗ್ಗುಗಳು ಖಾಲಿ, ಬಿಸ್ಕತ್ತು ಆರಿರುತ್ತದೆ. ಈಗ ಒಂದು ಪ್ರಶ್ನೆ ಕೇಳಿ: ಎರಡಕ್ಕೂ ಮೈದಾ ಒಂದೇ, ಬಿಸ್ಕತ್ತಿಗೆ ಗರಿಗರಿ ಮತ್ತು ಹುರಿದ ಘಮ ಬಂತು, ಕೇಕಿಗೆ ಏಕೆ ಬರಲಿಲ್ಲ? ಕೇಕಿನಲ್ಲಿ ನೀರು ಇರುವ ತನಕ ಅದರ ಕಾವು ಕುದಿಬಿಂದು ದಾಟುವುದಿಲ್ಲ, ಕಂದುಬಣ್ಣ ಮತ್ತು ಆ ಘಮ ಹುಟ್ಟುವುದು ಸುಮಾರು 140 ಡಿಗ್ರಿಯ ಆಸುಪಾಸಿನಲ್ಲಿ. ಕೇಕಿನ ಕಪ್ಪು ಕೋಕೋದ್ದು, ಬೆಂದದ್ದರದ್ದಲ್ಲ. ಮೂರು ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಹರಡಿರುತ್ತದೆ, ಒಂದು ಬಿರಿದಿರುತ್ತದೆ, ಒಂದು ಸರಿಯಾಗಿರುತ್ತದೆ. ಯಾರ ಬೆಣ್ಣೆ ಕರಗಿತ್ತು, ಯಾರು ಹಾಲಿನ ಅರ್ಧ ಚಮಚ ಬೇಡವೆಂದರು ಎಂದು ಮಕ್ಕಳೇ ಹುಡುಕಲಿ, ಪೆನ್ಸಿಲ್ ಗುರುತು ಅಲ್ಲಿದೆ. ಮಗ್ಗುಗಳನ್ನು ಆ ಮಾತಿನ ನಡುವೆಯೇ ನೀರಿನಲ್ಲಿ ನೆನೆಹಾಕಿ, ಒಣಗಿದ ಮೇಲೆ ಕೋಕೋ ಬಿಡುವುದಿಲ್ಲ. ಉಳಿದ ಬಿಸ್ಕತ್ತು ಪೂರ್ತಿ ತಣ್ಣಗಾಗದೆ ಡಬ್ಬಿಗೆ ಹೋಗಬಾರದು, ಒಳಗಿನ ಆವಿ ಮುಚ್ಚಳಕ್ಕೆ ತಗುಲಿ ನೀರಾಗಿ ಅವುಗಳ ಮೇಲೇ ಬೀಳುತ್ತದೆ. ಮಕ್ಕಳು ಮನೆಗೆ ಹೊರಡುವಾಗ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡಿ, ಡಬ್ಬಿಗೆ ಮನೆಯಲ್ಲಿ ಹಾಕಿಕೊಳ್ಳಲಿ.